ಆರು ಸಾಲಿನ ಮೇಲ್‌ನಲ್ಲಿ ನನ್ನದೊಂದು ಸುಳ್ಳು

ಇಚಲಕರಂಜಿಯಲ್ಲಿ ನಾನು ಕೂಲಿಗೆ ಪವರ್‌ಲೂಮ್ ನಡೆಸಿದ್ದು ಮೂವತ್ತು ವರ್ಷ. ನಮ್ಮೂರು ನೇಸರಿಯಲ್ಲಿ ನನ್ನ ತಮ್ಮ ಇನ್ನೂ ಕುರಿ ಸಾಕುತ್ತಾನೆ. ಕತ್ತರಿಸಿದ ಉಣ್ಣೆಯನ್ನು ಕೇಳುವವರಿಲ್ಲ, ಹೊಲದ ಬದುವಿಗೆ ಸುರಿಯುತ್ತಾನೆ. ಜವಳಿ ಡಿಪ್ಲೊಮಾ ಓದುವ ನನ್ನ ಮೊಮ್ಮಗಳಿಗೆ ಅದನ್ನು ನೋಡಿ ಸಹಿಸಲಾಗುವುದಿಲ್ಲ. ನಾರ್ವೆಯಲ್ಲಿ ಒರಟು ಉಣ್ಣೆಯನ್ನು ಮಗ್ಗದಲ್ಲಿ ನೇಯಿಸುವ ಒಬ್ಬ ಮಹಿಳೆಯ ವಿಷಯ ಓದಿ, ಅವರಿಂದ ಕಲಿಯಬೇಕೆಂದು ಮೇಲ್ ಬರೆಯಲು ಕೂತಳು.

ಮೊದಲು ಕನ್ನಡದಲ್ಲಿ ಎರಡು ಪುಟ ಟಿಪ್ಪಣಿ ಮಾಡಿಕೊಂಡಳು. ಬಡತನ, ಮನೆತನ ಎಲ್ಲ ಹಾಕು ಎಂದೆ.

"ಅಜ್ಜಾ, ಇದು ಅರ್ಜಿ ಅಲ್ಲ. ಗುರುತಿಲ್ಲದವರು ಒಂದ ನಿಮಿಷ ಓದ್ತಾರ. ಒಂದ ಪ್ರಶ್ನಿ ಸಾಕು."

ಬಡತನ, ಮನೆತನ ಅಷ್ಟೂ ಹೊಡೆದುಹಾಕಿದಳು. ಆಮೇಲೆ ಪೆನ್ನು ಹಿಡಿದು ಕೇಳಿದಳು: "ನೀ ಎಂದರ ನಮ್ಮ ಉಣ್ಣಿ ನೂಲು ಮಗ್ಗದ ಲಾಳ್ಯಾಗ ಹಾಕಿ ನೋಡೀಯೇನು?"

ನನ್ನ ಮಾತನ್ನು ಯಾರೂ ಯಾವತ್ತೂ ಬರೆದುಕೊಂಡಿರಲಿಲ್ಲ. ಹೌದು ಎಂದೆ. ಬರಿ ನೂಲು ಕಡಿಯಿತು, ಕಂಬಳಿ ನೇಯುವವರಂತೆ ಹುಣಸೆಬೀಜದ ಗಂಜಿ ಹಚ್ಚಿದೆ, ಮೊಳದುದ್ದ ನೇಯ್ದೆ ಎಂದೆ. ಎಲ್ಲ ಸುಳ್ಳು. ಉಣ್ಣೆ ನೂಲು ಹಾಕಿ ನೋಡಲೇ ಎಂದು ಒಮ್ಮೆ ಮಾಲೀಕರನ್ನು ಕೇಳಿದ್ದೆ, "ಮಗ್ಗ ಹಾಳ ಮಾಡತೀಯೇನೋ?" ಎಂದು ಬೈದಿದ್ದರು. ಅಲ್ಲಿಗೆ ಮುಗಿದಿತ್ತು.

ಟಿಪ್ಪಣಿಯಿಂದ ಅವಳು ಇಂಗ್ಲಿಷಿನಲ್ಲಿ ಆರು ಸಾಲು ಮಾಡಿದಳು: ತಾನು ಯಾರು, ಅವರ ಯಾವ ಕೆಲಸ ಓದಿದೆ, ಅಜ್ಜ ಮಾಡಿ ನೋಡಿದ್ದೇನು, ಗಂಜಿ ಹಚ್ಚಿದ ನೂಲು ಬಿರುಸಾಗದಂತೆ ಏನು ಮಾಡಬೇಕು.

ಹತ್ತು ದಿನಕ್ಕೆ ಉತ್ತರ ಬಂತು. ನಿಮ್ಮ ಅಜ್ಜನ ಪ್ರಯೋಗದ ಸಲುವಾಗಿಯೇ ಬರೆಯುತ್ತಿದ್ದೇನೆ, ಅವರು ನೇಯ್ದ ತುಂಡಿನ ಫೋಟೊ ಕಳಿಸಿ ಎಂದಿದ್ದರು. ಮೊಮ್ಮಗಳು ಮನೆಯೆಲ್ಲ ಕುಣಿದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ತುಂಡು ತಮ್ಮನ ಮನೆಯ ಟ್ರಂಕಿನಲ್ಲಿರಬೇಕು ಎಂದುಬಿಟ್ಟೆ.

ಕಾಲೇಜು ತಪ್ಪಿಸಿ ಎಸ್‌ಟಿ ಬಸ್ಸು ಹತ್ತಿದಳು. ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಿ ನೇಸರಿಗೆ ಹೋದಳು. ಎರಡು ದಿನ ಟ್ರಂಕು, ಅಟ್ಟ, ಕಾಳಿನ ಹಗೆವು ಎಲ್ಲ ಹುಡುಕಿದಳು. ತಮ್ಮ ಫೋನ್ ಮಾಡಿ, "ಏನ ಹುಡುಕಾಕ ಹಚ್ಚೀಯೋ ಅಣ್ಣಾ? ಪೋರಿ ಧೂಳಾಗ ಮುಳುಗ್ಯಾಳ" ಎಂದು ನಕ್ಕ. ಅವಳಿಗೆ ಫೋನ್ ಕೊಡು ಎಂದೆ. ನೇಯ್ದೇ ಇಲ್ಲ ಎಂದು ಹೇಳಿದೆ.

ಟ್ರಂಕಿನ ಮುಚ್ಚಳ ಹಾಕಿದ ಸದ್ದು ಕೇಳಿತು. ನಂತರ, "ಆರ ಸಾಲ ಇದ್ದೂ ಅಜ್ಜಾ. ಅದರಾಗ ಅವರು ಹಿಡಕೊಂಡಿದ್ದು ಅದೊಂದ."

ನಾನೇ ತಪ್ಪಿತಸ್ಥ ಎಂದು ಬರಿ ಎಂದೆ. "ಅದಕ್ಕೂ ನಾನಽ ಇಂಗ್ಲಿಷ್ ಮಾಡಬೇಕಲ್ಲ" ಎಂದಳು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೂರು ಸಾಲಿನಲ್ಲಿ ನಿಜ ಬರೆದು ಕಳಿಸಿದಳು. ತಿಂಗಳಾಯಿತು, ಉತ್ತರವಿಲ್ಲ.

ಈಗಲೂ ಬಂದು ಮಗ್ಗದ ವಿಷಯ ಕೇಳುತ್ತಾಳೆ, ಕನ್ನಡದಲ್ಲೇ ಬರೆದುಕೊಳ್ಳುತ್ತಾಳೆ. ಆದರೆ ನನ್ನ ಪ್ರತಿ ಮಾತಿಗೂ ಪೆನ್ನು ಎತ್ತಿ, "ಕಂಡದ್ದೋ, ಕೇಳಿದ್ದೋ?" ಎನ್ನುತ್ತಾಳೆ. ಉಣ್ಣೆಯ ಪುಟದಲ್ಲಿ ಎಲ್ಲಾ ಕಡೆ "ಕೇಳಿದ್ದು" ಎಂದೇ ಬರೆಸಬೇಕಾಯಿತು.