ಬದಲಾಗದ ಹತ್ತು ರೂಪಾಯಿ

ನಾನು ಮಡಕಶಿರದಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ನಮ್ಮದಿನ್ನೂ ಮದ್ರಾಸು ಪ್ರಾಂತ. ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ತಂದೆ, ಕಡಲೆಕಾಯಿ ವ್ಯಾಪಾರದ ಜೊತೆಗೆ ನಾಟಕದ ಕಂಟ್ರಾಕ್ಟೂ ಮಾಡುತ್ತಿದ್ದರು. ಹೊರಗಿನ ಕಂಪನಿಯನ್ನು ಊರಿಗೆ ಕರೆಸುವುದು, ಟೆಂಟಿಗೆ ಜಾಗ ಕೊಡಿಸುವುದು, ಆಟಕ್ಕಿಷ್ಟು ಎಂದು ಕಂಪನಿಗೆ ಕೊಟ್ಟು ಟಿಕೀಟಿನ ಹಣ ತಾವು ಇಟ್ಟುಕೊಳ್ಳುವುದು. ಆ ವರ್ಷ ಅವರು ರಾಯದುರ್ಗಕ್ಕೆ ಹೋಗಿ, ಅಲ್ಲಿ ಬೀಡುಬಿಟ್ಟಿದ್ದ ಒಂದು ಕಂಪನಿಯ ಮಾಲೀಕರೊಂದಿಗೆ ಕರಾರು ಮಾಡಿಕೊಂಡು ಬಂದರು. ಕರಾರು ಬರೆದ ಛಾಪಾ ಕಾಗದ ಮಾವನ ಹತ್ತಿರವೇ ಉಳಿಯಿತು. ಆದರೆ ಸಹಿಯಾದ ದಿನವೇ ಮಾಲೀಕರು ಅದರ ಫೋಟೋ ತೆಗೆಸಿ ಇಟ್ಟುಕೊಂಡಿದ್ದರು. ನಟರ ಚಿತ್ರ ತೆಗೆಯಲು ಬಂದಿದ್ದ ಸ್ಟುಡಿಯೋದವನು ಅಲ್ಲೇ ಇದ್ದನಂತೆ.

ಕಂಪನಿ ಮಡಕಶಿರಕ್ಕೆ ಬಂದು ಆಟ ಶುರುವಾದ ಕೆಲವು ದಿನಕ್ಕೆ ಜಗಳವೂ ಶುರುವಾಯಿತು. ಹೇಳಿದ ತಾರೀಕಿಗೆ ಬರಲಿಲ್ಲ, ದಂಡ ಹಿಡಿಯುತ್ತೇನೆ ಎಂದು ಮಾವ. ಸರಿಯಾದ ದಿನಕ್ಕೇ ಬಂದಿದ್ದೇವೆ ಎಂದು ಮಾಲೀಕರು. ಮಾವ ಪೇಟೆ ಬೀದಿಯಲ್ಲಿ ನಿಂತು ಆ ಮನುಷ್ಯನನ್ನು ಕಳ್ಳ ಎಂದು ಕೂಗಿದರು. ಕೊನೆಗೆ ಇಬ್ಬರೂ ಊರಿನ ಹಿರಿಯ ಜವಳಿ ವ್ಯಾಪಾರಿಯ ಮುಂದೆ ಕೂತರು. ಮೂಲ ಕಾಗದ ಹಿಂದೂಪುರದ ವಕೀಲರ ಹತ್ತಿರ ಇದೆ, ಅದನ್ನು ಯಾರ ಕೈಗೂ ಕೊಡುವುದಿಲ್ಲ ಎಂದರು ಮಾವ. ಬೇಕಾದರೆ ಫೋಟೋ ತೆಗೆಸಿ ಕೊಡುತ್ತೇನೆ ಎಂದು ತೆಗೆಸಿಯೂ ಕೊಟ್ಟರು. ಹಾಗಾಗಿ ಒಂದೇ ಕರಾರಿನ ಎರಡು ಫೋಟೋಗಳು ಹಿರಿಯರ ಗಾದಿಯ ಮೇಲೆ ಬಂದು ಬಿದ್ದವು.

ಇವನ್ನು ಓದಿ ತಾಳೆ ನೋಡುವವರು ಯಾರು ಎಂಬ ಮಾತು ಬಂದಾಗ ಕಂಪನಿ ಮಾಲೀಕರೇ ನನ್ನ ಹೆಸರು ಹೇಳಿದರು.

"ಅವ್ರು ಇವರ ಅಳಿಯ ಕಣ್ರಪ್ಪ" ಎಂದರು ಹಿರಿಯರು.

"ಅಳಿಯ ಆದ್ರೇನಾತ್ರಿ? ಊರ ಮಕ್ಕಳಿಗೆ ಅಕ್ಷರ ಕಲಿಸೋ ಕೈ ಅದು. ನನಗ ಒಪ್ಪಿಗಿ ಐತ್ರಿ."

ಆ ಮಾತಿಗೆ ನಾನು ಒಳಗೊಳಗೇ ಕುಗ್ಗಿದೆ. ಮಾವ ಮಾತ್ರ ನಿರಾಳವಾಗಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಜವಳಿ ಅಂಗಡಿಯ ಮಹಡಿಯಲ್ಲಿ ಎಲ್ಲರೂ ಸೇರಿದೆವು. ಕಂಪನಿಯ ನಾಯಕಿ ನಟಿಯೂ ಬಂದು ಬಾಗಿಲ ಪಕ್ಕ ಕೂತಿದ್ದಳು. ವ್ಯಾಜ್ಯ ಮುಗಿಯುವವರೆಗೂ ಸಂಬಳವಿಲ್ಲ ಎಂದು ಮಾಲೀಕರು ಹೇಳಿದ್ದರಿಂದ ಅವಳಿಗೂ ಇದರ ತೀರ್ಮಾನ ಬೇಕಿತ್ತು. ಅವಳ ಬಿಡಾರ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ. ಅಕ್ಷರ ಬಾರದಿದ್ದರೂ ಇಡೀ ನಾಟಕಗಳನ್ನು ಕೇಳಿಯೇ ಬಾಯಿಪಾಠ ಮಾಡಿಕೊಂಡವಳು.

"ನೋಡಪ್ಪ, ಮಾತು ಹಿಂದುಮುಂದಾಗಿದ್ದರೆ ಬಿಟ್ಟಾಕು" ಎಂದರು ಹಿರಿಯರು. "ಬದಲಾಗಿರೋ ಮೊತ್ತ, ಬದಲಾಗಿರೋ ತಾರೀಕು, ಅಷ್ಟೇ ಬರಿ. ಬೇರೆ ಒಂದಕ್ಷರ ಬೇಡ."

ಒಂದೊಂದೇ ಕಲಮನ್ನು ಮಾಲೀಕರು ತೆಗೆಸಿದ್ದ ಮೊದಲ ಫೋಟೋದಲ್ಲಿ ಓದಿ, ಮಾವ ಕೊಟ್ಟ ಎರಡನೆಯದರಲ್ಲಿ ಬೆರಳಿಟ್ಟು ನೋಡುತ್ತ ಹೋದೆ. ಟೆಂಟಿನ ಜಾಗದ ಬಾಡಿಗೆ ಮೊದಲನೆಯದರಲ್ಲಿ ೨೦, ಎರಡನೆಯದರಲ್ಲಿ ೨೧ರಂತೆ ಕಂಡಿತು. ಭೂತಕನ್ನಡಿ ಹಿಡಿದರೆ ಕಾಗದದ ಮಡಿಕೆಯ ನೆರಳು ಸೊನ್ನೆಯ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಅಕ್ಷರದಲ್ಲಿ ಬರೆದದ್ದು ಎರಡರಲ್ಲೂ ಇಪ್ಪತ್ತೇ. ಅದನ್ನು ಬಿಟ್ಟೆ. ಮಾವ ಎತ್ತಿದ ತಾರೀಕಿನ ಜಗಳವೂ ಹೀಗೇ ಏನೋ ನೆರಳಿನ ಗೊಂದಲ ಆಗಿರಲಿ ಎಂದು ಆಸೆಪಟ್ಟೆ.

ಮಾವ ಕಂಪನಿಗೆ ಕೊಟ್ಟ ಮುಂಗಡದ ಕಲಮಿಗೆ ಬಂದಾಗ ಆ ಆಸೆ ಹೋಯಿತು. ಮೊದಲನೆಯದರಲ್ಲಿ ೨೫೦, ಎರಡನೆಯದರಲ್ಲಿ ೩೫೦. ಎರಡಕ್ಕೆ ಇನ್ನೊಂದು ಸುಳಿ ಸೇರಿಸಿ ಮೂರು ಮಾಡಿದ್ದರು. 'ಇನ್ನೂರ ಐವತ್ತು' ಎಂಬಲ್ಲಿ 'ಇ' ಹೋಗಿ 'ಮು' ಬಂದಿತ್ತು. ಕೆರೆದ ಕಡೆ ಕಾಗದ ನಾರೆದ್ದು ಶಾಯಿ ಹರಡಿದ್ದು ಫೋಟೋದಲ್ಲೂ ಕಾಣುತ್ತಿತ್ತು. ಆಟ ಆರಂಭಿಸುವ ತಾರೀಕು ಮೊದಲು ಮಾರ್ಚಿ ೧೧ ಇದ್ದದ್ದು ಈಗ ಮಾರ್ಚಿ ೧. ಒಂದು ಅಂಕಿ ಅಳಿಸಿದ ಜಾಗ ಬಿಳಿಚಿಕೊಂಡಿತ್ತು. ತಪ್ಪಿದ ಆಟಕ್ಕೆ ದಂಡ ೫ ಇದ್ದದ್ದು ೧೫ ಆಗಿತ್ತು, ಆದರೆ ಪಕ್ಕದಲ್ಲಿ 'ಐದು' ಎಂದು ಅಕ್ಷರದಲ್ಲಿ ಇದ್ದದ್ದನ್ನು ತಿದ್ದಲು ಮರೆತಿದ್ದರು. ಅಷ್ಟೂ ಮಾವನ ಲಾಭಕ್ಕೇ.

ಮುಖ ಎತ್ತದೆ ಬರೆದೆ. ಕಲಮು ಇಂಥದ್ದು, ಮೊದಲು ಇಷ್ಟು, ಈಗ ಇಷ್ಟು. ದಂಡದಲ್ಲಿ ಅಂಕಿ ಮಾತ್ರ ಬದಲು, ಅಕ್ಷರ ಹಾಗೇ ಇದೆ. ಮಾವ ಎಲೆ ಅಗಿಯುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.

ನಡುವೆ ಇನ್ನೊಂದು ಕಲಮಿತ್ತು. ನಾಯಕಿ ನಟಿಯ ಬಾಬ್ತು ಆಟಕ್ಕೆ ಹತ್ತು ರೂಪಾಯಿ, ಮಾಲೀಕರ ಕೈಗೆ ಪ್ರತ್ಯೇಕವಾಗಿ ಕೊಡತಕ್ಕದ್ದು ಎಂದು. ಅವಳಿಗೆ ಸಿಗುವುದು ಮೂರೇ ರೂಪಾಯಿ ಎಂದು ಹೆಂಡತಿ ಹೇಳಿದ್ದು ನೆನಪಿತ್ತು. ಎರಡು ಫೋಟೋದಲ್ಲೂ ಹತ್ತು ಹತ್ತಾಗಿಯೇ ಇತ್ತು. ಬದಲಾಗಿಲ್ಲ, ಬರೆಯಬೇಕಿಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಮಾಲೀಕರು ಹಿರಿಯರಿಗೆ ಕೈ ಮುಗಿದರು. ಆಗ ಬಾಗಿಲ ಕಡೆಯಿಂದ ದನಿ ಬಂತು.

"ಮಾಸ್ತರ್ರೆ, ನನ್ನ ರೊಕ್ಕದ ಮಾತು ಅದರಾಗ ಬರಲಿಲ್ಲಲ್ರಿ?"

"ಅದು ಬದಲಾಗಿಲ್ಲಮ್ಮ" ಎಂದೆ.

"ಬದಲಾಗಿಲ್ಲಂದ್ರ, ಎಷ್ಟೈತ್ರಿ?"

ನಾನು ಹಿರಿಯರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು.

"ಅದೆಲ್ಲ ಈಗ ಯಾಕ? ಕೇಳಿದ್ದು ಬದಲಾಗಿದ್ದು ಅಷ್ಟ" ಎಂದರು ಮಾಲೀಕರು.

"ನಾನು ಮಾಸ್ತರ್ರನ್ನ ಕೇಳಾಕತ್ತೀನ್ರಿ."

ಫೋಟೋಗಳನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ. "ಆಟಕ್ಕೆ ಹತ್ತು ರೂಪಾಯಿ. ಎರಡರಲ್ಲೂ ಹತ್ತೇ."

"ನನಗ ಮೂರು ಬರತಿತ್ರಿ" ಎಂದಳು. ಮಾಲೀಕರ ಕಡೆ ತಿರುಗಲೂ ಇಲ್ಲ. ಆಗತಾನೇ ಗೆದ್ದ ಮನುಷ್ಯ ಹೆಗಲ ವಸ್ತ್ರದಿಂದ ಕತ್ತು ಒರೆಸಿಕೊಳ್ಳತೊಡಗಿದರು. ಮಹಡಿಯಲ್ಲಿದ್ದ ಗಂಡಸರಲ್ಲಿ ಒಬ್ಬರಿಗೂ ತಲೆ ಎತ್ತುವ ಮುಖವಿರಲಿಲ್ಲ.

ತಾರೀಕು ಹನ್ನೊಂದೇ, ಮುಂಗಡ ಇನ್ನೂರೈವತ್ತೇ, ದಂಡವಿಲ್ಲ ಎಂದು ಹಿರಿಯರು ತೀರ್ಮಾನ ಹೇಳಿದರು. ಅವಳದು ಕಂಪನಿಯ ಒಳಗಿನ ಮಾತು, ನಮಗೆ ಸಂಬಂಧವಿಲ್ಲ ಎಂದು ಎದ್ದುಬಿಟ್ಟರು. ಅಚ್ಚರಿಯೆಂದರೆ ಅವಳ ಕೈಗೆ ಹತ್ತು ರೂಪಾಯಿ ಬರುವಂತೆ ಮಾಡಿದ್ದು ನಮ್ಮ ಮಾವ. ಉಳಿದ ಆಟಗಳಿಗೆಲ್ಲ ಪರದೆ ಬಿದ್ದ ಕೂಡಲೇ ತಾವೇ ಹೋಗಿ ಎಣಿಸಿ ಕೊಟ್ಟರು. ಮಾಲೀಕರ ಮೇಲಿನ ಸಿಟ್ಟಿಗೋ, ಪಶ್ಚಾತ್ತಾಪಕ್ಕೋ, ನನಗೆ ಇವತ್ತಿಗೂ ತಿಳಿಯದು.

ನನ್ನ ಜೊತೆ ಅವರು ಬಹಳ ದಿನ ಮಾತಾಡಲಿಲ್ಲ. ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತರು. "ಅಳಿಸಿದ್ದು ಅಷ್ಟು ಕಾಣ್ತಿತ್ತೇನಪ್ಪ?" ಎಂದರು.

"ಕಾಣ್ತಿತ್ತು ಮಾವ."

ತಪ್ಪು ಬರೆದ ಹುಡುಗ ಸ್ಲೇಟು ಮುಚ್ಚಿಕೊಳ್ಳುವಂತೆ ಎರಡೂ ಅಂಗೈ ಮೊಣಕಾಲ ಮೇಲೆ ಮಗುಚಿ ಇಟ್ಟುಕೊಂಡರು. ಒಳಗೆ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು, ತಂದೆಯ ಮುಖ ನೋಡಲಾರದೆ.

ಅದಕ್ಕೂ ಮೊದಲೇ ಕಂಪನಿ ಪಾವಗಡಕ್ಕೆ ಹೊರಟುಹೋಗಿತ್ತು. ಆ ನಟಿ ಅವರ ಜೊತೆ ಹೋಗಲಿಲ್ಲ. ಬೇರೆ ಕಂಪನಿ ಹುಡುಕಿಕೊಳ್ಳುತ್ತೇನೆಂದು ಟ್ರಂಕು ಹೊರಿಸಿಕೊಂಡು ಬಸ್ಸಿಗೆ ಹೊರಟಳು. ಹೋಗುವ ಮುಂಚೆ ಹೇಳಿಹೋಗಲು ಒಳಗೆ ಬಂದಳು. ಹೆಂಡತಿ ಕುಂಕುಮ, ಎಲೆ ಅಡಿಕೆ ಕೊಟ್ಟಳು.

"ಮಾಸ್ತರ್ರ ಇಲ್ಲೇನ್ರಿ ಅಕ್ಕಾ?" ಎಂದು ಕೇಳಿದ್ದು ನನಗೆ ಕೇಳಿಸಿತು. ಹಿತ್ತಲಲ್ಲಿ ಬಾವಿಯ ಹಗ್ಗ ಹಿಡಿದು ನಿಂತಿದ್ದೆ. ಅವಳು ಥ್ಯಾಂಕ್ಸ್ ಹೇಳಿಯಾಳು ಎಂಬ ಭಯಕ್ಕೆ ಒಳಗೆ ಹೋಗಲಿಲ್ಲ.