ಹಲ್ಲಜ್ಜಿಯ ದವಡೆ ಜೋಮು ಹಿಡಿದ ದಿನ

ಬಸ್ ನಿಲ್ದಾಣದ ಎದುರಿನ ಹಾಲು-ಚಹಾ ಅಂಗಡಿಯಲ್ಲಿ ಒಲೆ ಮುಂದೆ ನಿಲ್ಲುವ ಹೆಂಗಸಿಗೆ ಬೀದಿಯವರು ಹಲ್ಲಜ್ಜಿ ಎಂದು ಹೆಸರಿಟ್ಟಿದ್ದರು. ತಣ್ಣನೆಯ ಹಾಲು-ಚಹಾದ ಲೋಟದ ತಳದಲ್ಲಿ ಕೂರುವ, ಅಗಿದು ತಿನ್ನುವ, ಸಬ್ಬಕ್ಕಿಯಂಥ ಮರಗೆಣಸಿನ ಹಿಟ್ಟಿನ ಕಪ್ಪು ಮುತ್ತುಗಳನ್ನು ಬೇಯಿಸುವುದು ಅವಳ ಕೆಲಸ. ಬೆಂದವೋ ಇಲ್ಲವೋ ಎಂದು ಗಡಿಯಾರ ನೋಡುವವಳಲ್ಲ. ಒಂದನ್ನು ಬಾಯಿಗೆ ಹಾಕಿ ಕಚ್ಚುವಳು, ಅದೇ ತೀರ್ಪು. ಮೊದಮೊದಲು ಅಕ್ಕಿ ತೊಳೆದ ಹಾಗೆ ಮುತ್ತು ತೊಳೆದು, ಇಡೀ ಪೊಟ್ಟಣವನ್ನು ಕೆಸರು ಮಾಡಿದ ಕತೆಯನ್ನು ತಾನೇ ಹೇಳಿಕೊಂಡು ನಗುತ್ತಿದ್ದಳು. ಸೌಟನ್ನು ಮಾತ್ರ ಸೊಸೆಯ ಕೈಗೆ ಕೊಟ್ಟವಳಲ್ಲ.

ಈಚೆಗೆ ಎರಡು ಸಲ ಮುತ್ತು ಕೈಕೊಟ್ಟಿತ್ತು. ಹಲ್ಲುನೋವಿಗೆ ಸರಿಯಾಗಿ ಕಚ್ಚಲಾಗುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಮಗ ಬೇಸತ್ತು ಹೇಳಿಬಿಟ್ಟಿದ್ದ: "ಇನ್ನೊಂದ್ಸಲ ಹೀಗಾದ್ರೆ ತಾನೇ ಬೇಯಿಸೋ ಮಷಿನ್ ತರ್ತೀನಮ್ಮ. ನೀನು ಮನೇಲಿ ಆರಾಮಾಗಿರು."

ಆರಾಮ! ಗಂಡ ಹೋದ ಮೇಲೆ ಆ ಮನೆಯ ಗೋಡೆಗಳನ್ನು ನೋಡುತ್ತ ಕೂತ ದಿನಗಳು ಅವಳಿಗೆ ನೆನಪಿದ್ದವು. ಈ ಒಲೆಯೇ ಅವಳನ್ನು ಮನುಷ್ಯಳನ್ನಾಗಿ ಮಾಡಿತ್ತು.

ಅವತ್ತು ಸಂಜೆ ಆಟದ ಮೈದಾನದ ಮಕ್ಕಳಿಗೆ ದೊಡ್ಡ ಆರ್ಡರ್. ಹಲ್ಲಜ್ಜಿ ಮಧ್ಯಾಹ್ನ ತರಕಾರಿ ನೆಪ ಹೇಳಿ ಹೋಗಿ, ಹಲ್ಲು ಕೀಳಿಸಿಕೊಂಡು ಬಂದಳು. ನೋವು ಹೋದರೆ ಕಚ್ಚಬಹುದಲ್ಲ ಎಂಬ ಲೆಕ್ಕ. ಸೂಜಿಮದ್ದಿಗೆ ಅರ್ಧ ಮುಖವೇ ತನ್ನದಲ್ಲ ಅನ್ನಿಸುತ್ತದೆಂದು ಅವಳಿಗೇನು ಗೊತ್ತು? ಇನ್ನೊಂದು ಕಡೆಯ ದವಡೆಯೋ, ಎಂದೋ ಬೋಳಾಗಿತ್ತು.

ಮೊದಲ ಪಾತ್ರೆ ಇಟ್ಟಳು. ಒಂದು ಮುತ್ತು ತೆಗೆದು ಆರಿಸಿ ಕಚ್ಚಿದಳು. ಏನೂ ತಿಳಿಯಲಿಲ್ಲ. ಇನ್ನೂ ಬೆಂದಿಲ್ಲವೇನೋ ಎಂದು ಬಿಟ್ಟಳು. ಮತ್ತೆ ಕಚ್ಚಿದಳು, ಮತ್ತೆ ಬಿಟ್ಟಳು. ಕೊನೆಗೆ ಸೌಟು ಎತ್ತಿದರೆ ನೀರು ಗಂಜಿಯಂತೆ ಎಳೆಯಿತು, ಮುತ್ತುಗಳು ಅಂಚು ಕರಗಿ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು.

"ಅತ್ತೆ, ಏನಿದು?" ಸೊಸೆ ಹಿಂದೆಯೇ ನಿಂತಿದ್ದಳು. "ಅಯ್ಯೋ, ತುಟೀಲಿ ರಕ್ತ!"

"ಅಲ್ಲು ಕಿತ್ತಿದಾರೆ ಕಣೇ," ಎಂದಳು ತೊದಲುತ್ತ. "ಅವನಿಗೆ ಹೇಳಬೇಡ."

ಮಗ ಐಸ್ ತರಲು ಹೋಗಿದ್ದ. ಉಳಿದಿದ್ದು ಒಂದೇ ಪೊಟ್ಟಣ.

"ಫ್ರಿಜ್ಜಲ್ಲಿ ನಿನ್ನೇದಿದೆಯಲ್ಲ, ಬಿಸಿ ಮಾಡೋಣ್ವಾ?"

"ಅದು ಗೋಲಿ ಆಗಿರತ್ತೆ. ಮಕ್ಕಳು ಆಟಕ್ಕಿಟ್ಕೊಳ್ಳಲಿ. ದೊಡ್ಡ ಪಾತ್ರೆ ತಗೋ."

ಹೊಸ ನೀರು ಕೊತಕೊತ ಕುದಿಯುವವರೆಗೆ ಹಲ್ಲಜ್ಜಿ ಪೊಟ್ಟಣ ಮುಟ್ಟಗೊಡಲಿಲ್ಲ. ಆಮೇಲೆ ಸೊಸೆಯ ಕೈಯಿಂದ ಮುತ್ತು ಹಾಕಿಸಿದಳು. ಸೊಸೆ ಸೌಟಿಗೆ ಕೈ ಹಾಕಿದ ಕೂಡಲೇ ಗದರಿದಳು: "ತಾಳು! ಮೈ ಗಟ್ಟಿಯಾಗ್ಲಿ, ಈಗ ಕಲಕಿದ್ರೆ ಹರಿದು ಹೋಗ್ತವೆ." ಸ್ವಲ್ಪ ಹೊತ್ತಿಗೆ, "ಈಗ ತಳದಿಂದ, ಮೆಲ್ಲಗೆ." ಮುತ್ತುಗಳು ತೇಲಿ ಬಂದವು. ಉರಿ ಒಂದಿಷ್ಟು ಇಳಿಸಿದರು.

ಅಷ್ಟರಲ್ಲಿ ಮಗ ಐಸ್ ಮೂಟೆ ಹೊತ್ತು ಬಂದ. "ಇನ್ನೂ ಒಲೆ ಮೇಲಿದೆಯಾ? ಮೈದಾನದವರು ಬರೋ ಹೊತ್ತಾಯ್ತು!"

ಹಲ್ಲಜ್ಜಿ ಬಾಯಿ ಬಿಡಲಿಲ್ಲ. ಬಿಟ್ಟರೆ ತೊದಲುವಳು.

"ಹೋಗ್ರಿ, ಲೋಟ ಜೋಡಿಸ್ರಿ. ನಿಮ್ಮ ಕಣ್ಣು ಬಿದ್ರೆ ಬೇಯೋದೂ ಬೇಯಲ್ಲ," ಎಂದು ಸೊಸೆ ಅವನನ್ನು ಆಚೆಗಟ್ಟಿದಳು.

ಹಲ್ಲಜ್ಜಿ ಒಂದು ಮುತ್ತನ್ನು ತಣ್ಣೀರಿಗೆ ಹಾಕಿ ತೆಗೆದು ಅವಳ ಬಾಯಿಗಿಟ್ಟಳು. "ಕಚ್ಚು. ಏನನ್ಸುತ್ತೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋದು ಹೆಣ್ಣು ನೋಡೋಕೆ ಬಂದವರ ಮಾತು. ಹಲ್ಲಿಗೆ ಏನಾಯ್ತು ಹೇಳು."

ಸೊಸೆ ಕಣ್ಣು ಮುಚ್ಚಿದಳು. "ಮೇಲೆ ಮೆತ್ತಗೆ. ಒಳಗೆ ಹಿಟ್ಟುಹಿಟ್ಟಾಗಿ ತಡೀತಾ ಇದೆ."

ಇನ್ನಷ್ಟು ಕುದಿಸಿದರು. ಇನ್ನೊಂದು ಕಚ್ಚಿಸಿದಳು.

"ಈಗ ಅದು ನನ್ನ ಹಲ್ಲನ್ನ ವಾಪಸ್ ತಳ್ತಾ ಇದೆ, ಅತ್ತೆ. ನಡುವೆ ಮಾತ್ರ ಒಂಚೂರು ಗಟ್ಟಿ."

ಹಲ್ಲಜ್ಜಿ ಒಂದನ್ನು ಚಾಕುವಿನಿಂದ ಸೀಳಿದಳು. ನಡುವೆ ಸಾಸಿವೆಯಷ್ಟು ಬಿಳಿ. "ಉರಿ ಆರಿಸು, ಮುಚ್ಚಳ ಹಾಕು. ಉಳಿದದ್ದು ಬಿಸಿನೀರು ನೋಡಿಕೊಳ್ಳತ್ತೆ."

ಹೊರಗೆ ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುವ ಮೇಷ್ಟ್ರು ಬಂದು ಹಾರ್ನ್ ಹೊಡೆಯತೊಡಗಿದರು. ಮಗ ಬಂದು ಮುಚ್ಚಳಕ್ಕೆ ಕೈಹಾಕಿದ. ಹಲ್ಲಜ್ಜಿ ಬಿಸಿ ಮುಚ್ಚಳದ ಮೇಲೆ ಸೆರಗು ಹಾಕಿ ಒತ್ತಿ ಹಿಡಿದಳು. ಅವನು ತಾಯಿಯ ಊದಿದ ಕೆನ್ನೆ ನೋಡಿದ, ಹೆಂಡತಿಯ ಮುಖ ನೋಡಿದ. ಮುಚ್ಚಳ ಬಿಟ್ಟು ಮೇಷ್ಟ್ರಿಗೆ ಕುರ್ಚಿ ಹಾಕಲು ಹೋದ.

ಮತ್ತೆ ಸೀಳಿದಾಗ ಬಿಳಿ ಇರಲಿಲ್ಲ. ಒಳಗೂ ಹೊರಗೂ ಒಂದೇ ಕಪ್ಪು ಹೊಳಪು. ಬಸಿದು, ತಣ್ಣೀರಿನಲ್ಲಿ ಜಾಲಾಡಿ, ಬೆಲ್ಲದ ಪಾಕಕ್ಕೆ ಸುರಿದರು. ಮುತ್ತುಗಳು ಬಿಡಿಬಿಡಿಯಾಗಿ ಉರುಳಿದವು. ಮೇಷ್ಟ್ರು ಗೊಣಗುತ್ತ ಮೊದಲ ಲೋಟ ತಾವೇ ಹೀರಿದರು, ಅಗಿದರು, ಗೊಣಗುವುದನ್ನು ಮರೆತರು.

ಲೋಟಗಳೆಲ್ಲ ಹೋದ ಮೇಲೆ ಮಗ ಕೇಳಿದ: "ಹಲ್ಲು ಯಾವಾಗ ಕೀಳಿಸ್ಕೊಂಡೆಯಮ್ಮ?"

"ನೀನು ಮಷಿನ್ ಹುಡುಕ್ತಿದ್ದಾಗ."

"ಈಗ ಯಾಕೆ ಮಷಿನ್ನು? ಇಬ್ಬರಿದೀವಲ್ಲ," ಎಂದಳು ಸೊಸೆ. ಮಗ ನಗುತ್ತ ಲೋಟ ತೊಳೆಯಲು ಹೋದ.

ಜೋಮು ಇಳಿದು ಒಸಡು ಮಿಡಿಯತೊಡಗಿತ್ತು. ಹಲ್ಲಜ್ಜಿ ಸೌಟನ್ನು ತೊಳೆದು, ತನ್ನ ಮೊಳೆಗೆ ತೂಗುಹಾಕದೆ, ಸೊಸೆಯ ಕೈಗೆಟುಕುವ ಮೊಳೆಗೆ ಹಾಕಿದಳು.

"ಇನ್ನೊಂದು ಹಲ್ಲೂ ಅಲ್ಲಾಡ್ತಿದೆ ಕಣೇ," ಎಂದಳು. "ನಿನ್ನ ಹಲ್ಲುಗಳನ್ನ ಸರಿಯಾಗಿ ಉಜ್ಜಿಟ್ಕೋ."