ವಯಸ್ಸು ಕೇಳದ ದೇಶ

ನಾನು ಹುಟ್ಟಿದ್ದು ಜೂನ್ ಒಂದಕ್ಕೆ. ನನ್ನ ಗಂಡ ಹುಟ್ಟಿದ್ದೂ ಜೂನ್ ಒಂದಕ್ಕೇ, ನಮ್ಮಣ್ಣನೂ ಅಷ್ಟೆ. ನಮ್ಮ ಕಂಪನಿಯಲ್ಲಿ ಅವತ್ತು ಕೇಕ್ ತರಿಸಿದರೆ ಅರ್ಧ ಜನ ಒಟ್ಟಿಗೆ ಚಾಕು ಹಿಡಿಯಬೇಕಾಗುತ್ತದೆ. ಶಾಲೆ ಶುರುವಾಗುವ ದಿನಕ್ಕೆ ಮಗುವಿಗೆ ಐದು ತುಂಬಿರಬೇಕು, ಆದ್ದರಿಂದ ಮಾಸ್ತರರು ಲೆಕ್ಕ ಸರಿಹೊಂದುವಂತೆ ಯಾವುದೋ ಹುಟ್ಟಿದ ವರ್ಷ ಹಾಕಿ, ಅದರ ಮುಂದೆ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನಮ್ಮ ಕಡೆ ಇದು ಎಷ್ಟು ಮಾಮೂಲಿಯೆಂದರೆ ಯಾರೂ ಇದರ ಬಗ್ಗೆ ಮಾತನಾಡುವುದಿಲ್ಲ. ನಾನೂ ಮಾತನಾಡಿರಲಿಲ್ಲ, ಆಸ್ಟ್ರೇಲಿಯಾಕ್ಕೆ ಹೋಗಬೇಕು ಎಂದು ತಲೆಗೆ ಹೊಗುವವರೆಗೆ.

ರಾಣೆಬೆನ್ನೂರಿನ ಒಂದು ಬೀಜ ಕಂಪನಿಯಲ್ಲಿ ನನ್ನ ಕೆಲಸ. ಮೆಣಸಿನಗಿಡದ ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆಯುವುದು, ಬೇರೆ ತಳಿಯ ಪರಾಗ ಮುಟ್ಟಿಸುವುದು, ದಾರ ಕಟ್ಟುವುದು, ಅದನ್ನು ಮಾಡುವ ಹೆಣ್ಣುಮಕ್ಕಳ ಹಿಂದೆ ಓಡಾಡುವುದು. ಕೃಷಿ ಪದವಿ ಮುಗಿಸಿ ಬಂದಾಗಿನಿಂದ ಇದೇ ಕೆಲಸ, ಬೀಜ ಬೆಳೆಯುವ ಇದೇ ಪ್ಲಾಟು. ನನ್ನ ಕೈಯಲ್ಲಿ ಈ ಕ್ರಾಸಿಂಗ್ ಕಲಿತು ಹೋದ ಎಂ.ಎಸ್ಸಿ. ಹುಡುಗರು ಈಗ ನನಗೆ ಮೀಟಿಂಗಿನಲ್ಲಿ ಬುದ್ಧಿ ಹೇಳುತ್ತಾರೆ. ಹಾಗಾಗಿ ತಳಿ ಅಭಿವೃದ್ಧಿಯಲ್ಲಿ ಎಂ.ಎಸ್ಸಿ. ಮಾಡಬೇಕು, ಹೊರಗಡೆ ಮಾಡಬೇಕು, ಅಲ್ಲೇ ಕೆಲವು ವರ್ಷ ಕೆಲಸ ಕಲಿಯಬೇಕು ಎಂದು ಹಟ ಹಿಡಿದೆ. ಇಲ್ಲೇ ಯಾಕೆ ಮಾಡಬಾರದು ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಮತ್ತೆ ಹೇಳುವುದಿಲ್ಲ.

ಇಂಥ ವಿಷಯದಲ್ಲಿ ಎಲ್ಲರೂ ಮೊದಲು ಕಾಲೇಜಿನ ಹೆಸರು ಕೇಳುತ್ತಾರೆ. ನಾವು ಗಂಡ ಹೆಂಡತಿ ಕೇಳಿದ್ದು ಓದು ಮುಗಿದ ಮೇಲೆ ಎಷ್ಟು ದಿನ ಇರಲು ಬಿಡುತ್ತಾರೆ ಎಂದು. ಬ್ಯಾಂಕಿನ ಸಾಲ ತೀರುವುದು ಓದಿನಿಂದಲ್ಲ, ಆಮೇಲಿನ ಕೆಲಸದಿಂದ. ಕಾಲೇಜು ಎಷ್ಟೇ ದೊಡ್ಡದಿರಲಿ, ಕೆಲಸ ಹುಡುಕುವಷ್ಟರಲ್ಲಿ ವೀಸಾ ಮುಗಿದರೆ ಪದವಿ ಮಡಿಚಿಕೊಂಡು ಮತ್ತೆ ಅದೇ ಪ್ಲಾಟಿಗೆ ಬರಬೇಕು. ಜೊತೆಗೆ ನಮಗೊಬ್ಬಳು ಮಗಳಿದ್ದಾಳೆ, ಒಂದನೇ ಕ್ಲಾಸು. ಅವಳನ್ನೂ, ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿರುವ ಅವಳ ಅಪ್ಪನನ್ನೂ ಕರೆದುಕೊಂಡು ಹೋಗಲು ಬಿಡುವ ದೇಶವೇ ಬೇಕಿತ್ತು.

ಆಸ್ಟ್ರೇಲಿಯಾ ಎಲ್ಲದಕ್ಕೂ ಹೂಂ ಅಂದಿತ್ತು. ಎರಡು ವರ್ಷದ ಮಾಸ್ಟರ್ಸ್, ಆಮೇಲೆ ನಮ್ಮ ದೇಶದವರಿಗೆ ಮೂರು ವರ್ಷ ಕೆಲಸದ ವೀಸಾ. ನಾನು ಓದುವಾಗ ಗಂಡ ಪೂರ್ತಿ ದಿನ ದುಡಿಯಬಹುದು, ಮಗಳು ಶಾಲೆಗೆ ಹೋಗಬಹುದು. ಇಂಗ್ಲಿಷ್ ಪರೀಕ್ಷೆ ಬರೆದೆ. ಎರಡನೇ ಸಲಕ್ಕೆ ಬೇಕಾದಷ್ಟು ಬಂತು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ವಿದೇಶ ಓದಿನ ಸಲಹೆ ಕೊಡುವ ಆಫೀಸಿದೆ. ಅಲ್ಲಿನ ಹುಡುಗಿ ನನಗಿಂತ ಎಷ್ಟೋ ಚಿಕ್ಕವಳು. ಪಾಸ್‌ಪೋರ್ಟ್ ತೆಗೆದುಕೊಂಡು ನೋಡಿದವಳು ಬೆರಳು ಮಡಿಚಿ ವರ್ಷ ಎಣಿಸಿದಳು.

"ಅಕ್ಕಾರ, ಆ ಕೆಲಸದ ವೀಸಾಕ್ಕ ಅರ್ಜಿ ಹಾಕೂ ದಿನ ವಯಸ್ಸು ಮೂವತ್ತೈದು ದಾಟಿರಬಾರದ್ರಿ. ಮೊದಲ ಐವತ್ತ ಇತ್ತು, ಕಡಿಮಿ ಮಾಡ್ಯಾರ. ನಿಮ್ಮ ಕೋರ್ಸ್ ಶುರು ಆಗೂದ ಜುಲೈಕ್ಕ. ಎರಡ ವರ್ಷ ಬಿಟ್ಟ ಅದು ಮುಗಿಯೂದರಾಗ ನಿಮಗ ಮೂವತ್ತಾರು ತುಂಬಿ ಒಂದ ತಿಂಗಳಾಗಿರ್ತೈತಿ."

ಖರೇ ಹೇಳಬೇಕೆಂದರೆ ನನಗೆ ನಗು ಬಂತು. ಯಾಕೆಂದರೆ ನಾನು ಹುಟ್ಟಿದ್ದು ಜೂನ್ ಒಂದಕ್ಕಲ್ಲ. ಅದರ ಮುಂದಿನ ವರ್ಷದ ಸೀಗಿ ಹುಣ್ಣಿಮೆಗೆ, ಅಂದರೆ ಅಕ್ಟೋಬರಿನಲ್ಲಿ. ತವರೂರು ಮೋಟೆಬೆನ್ನೂರಿನಲ್ಲಿ ನಮ್ಮವರೆಲ್ಲ ಭೂಮಿತಾಯಿಗೆ ಎಡೆಯಿಟ್ಟು ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದಾಗ, ಸೂಲಗಿತ್ತಿ ಬರುವವರೆಗೆ ಅವ್ವ ಒಬ್ಬಳೇ ಮನೆಯಲ್ಲಿ ನೋವು ತಿಂದಳು ಎಂಬುದನ್ನು ಕೇಳಿಯೇ ನಾನು ಬೆಳೆದದ್ದು. ನನ್ನ ನಿಜವಾದ ವಯಸ್ಸಿಗೆ ಆ ವೀಸಾ ಸಲೀಸಾಗಿ ಸಿಗುತ್ತಿತ್ತು. ಇದನ್ನು ಹೇಳಿದೆ. ಅವಳು ಪಾಪ, ತನ್ನ ಅಪ್ಪನದೂ ಜೂನ್ ಒಂದೇ ಎಂದಳು. ಆದರೆ ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ಎಂದಳು.

ಹಾವೇರಿಗೆ ಹೋಗಿ ವಕೀಲರೊಬ್ಬರನ್ನು ಕಂಡೆವು. ಮನೆಯಲ್ಲಿ ಹೆರಿಗೆಯಾಗಿದ್ದು, ಜನನ ನೋಂದಣಿ ಇಲ್ಲ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಎಲ್ಲದರಲ್ಲೂ ಜೂನ್ ಒಂದು. ಇಷ್ಟು ವರ್ಷ ಸುಮ್ಮನಿದ್ದು ಈಗ ದಾವೆ ಹಾಕಿದರೆ ಕೋರ್ಟು ಒಪ್ಪುವುದು ಕಷ್ಟ, ಒಪ್ಪಿದರೂ ವೀಸಾಕ್ಕೆ ಮುಂಚೆ ದಿಢೀರನೆ ಚಿಕ್ಕವಳಾದ ಹೆಂಗಸನ್ನು ಯಾವ ಅಧಿಕಾರಿ ನಂಬುತ್ತಾನೆ ಎಂದು ಅವರೇ ಕೇಳಿದರು. ಬಸ್ಸು ಹಿಡಿದು ವಾಪಸು ಬಂದೆವು. ನನಗೆ ಸಿಟ್ಟು ಕೂಡ ಬರುತ್ತಿರಲಿಲ್ಲ. ಬರೀ ಸುಸ್ತು.

ನಾನು ಮಾಡಿದ ತಪ್ಪೆಂದರೆ ಇದನ್ನು ಫೋನಿನಲ್ಲಿ ಅವ್ವನಿಗೆ ಹೇಳಿದ್ದು. ಹೇಳದೆ ಇರಲೂ ಆಗಲಿಲ್ಲ. ಅವ್ವ ಎಲ್ಲ ಕೇಳಿಸಿಕೊಂಡು, ಆ ಆಫೀಸು ಎಲ್ಲಿದೆ, ಮತ್ತೆ ಯಾವತ್ತು ಹೋಗುತ್ತೀ ಎಂದು ಮಾತ್ರ ಕೇಳಿದಳು.

ಮುಂದಿನ ವಾರ ನಾನು ಬೇರೆ ದೇಶಗಳ ವಿಷಯ ಮಾತಾಡಲು ಅಲ್ಲಿಗೆ ಹೋದಾಗ, ಅವ್ವ ನನಗಿಂತ ಮೊದಲೇ ಬಂದು ಕೂತಿದ್ದಳು. ಪಕ್ಕದಲ್ಲಿ ನನ್ನ ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿ. ಮೋಟೆಬೆನ್ನೂರಿನಿಂದ ಆ ಮುದುಕಿಯನ್ನು ಬಸ್ಸು ಹತ್ತಿಸಿ, ಅಷ್ಟು ಮೆಟ್ಟಿಲು ಹತ್ತಿಸಿ ಕರೆತಂದಿದ್ದಾಳೆ! ಗೋಡೆಯ ಮೇಲೆ ಗಡಿಯಾರದ ಗೋಪುರದ ಚಿತ್ರ, ಹಿಮದ ಚಿತ್ರ. ಅದರ ಕೆಳಗೆ ಇಬ್ಬರೂ ಸೆರಗು ಹೊದ್ದು ಶಿಸ್ತಾಗಿ ಕೂತಿದ್ದರು. ನನಗೆ ನಾಚಿಕೆಯಾಯಿತು. ಹೇಳಲಿಕ್ಕೇನು, ಒಂದು ಗಳಿಗೆ ಇವರು ಯಾರೋ ಎನ್ನುವಂತೆ ಬಾಗಿಲಲ್ಲೇ ನಿಂತೆ.

ಅವ್ವ ಆ ಹುಡುಗಿಗೆ ಹೇಳುತ್ತಿದ್ದಳು: "ತಪ್ಪ ನಂದೈತಿ ತಂಗಿ, ಆಕಿದಲ್ಲ. ನಾಲ್ಕ ಸೈತ ತುಂಬಿರಲಿಲ್ಲ, ಐದ ಅಂತ ಹೇಳಿ ಸಾಲಿಗೆ ಹಾಕಿದೆ. ಈ ಮುದುಕಿ ಕೈಯಾಗ ಹುಟ್ಟ್ಯಾಳ, ಈಕಿನ್ನ ಕೇಳ್ರಿ. ಎಲ್ಲಿ ಹೆಬ್ಬಟ್ಟ ಒತ್ತಬೇಕ ಹೇಳ್ರಿ, ಒತ್ತತೀವಿ."

ಸೂಲಗಿತ್ತಿ ಅಜ್ಜಿಗೆ ಕಿವಿ ಮಂದ. ಆದರೂ ತನ್ನ ಸರದಿ ಬಂತೆಂದು ತಿಳಿದು, ಅವತ್ತು ಹುಣ್ಣಿಮೆ ಖರೇ ಎಂದು ಜೋರಾಗಿ ಹೇಳಿದಳು. ಹುಡುಗಿ ಎದ್ದು ಇಬ್ಬರಿಗೂ ನೀರು ತಂದುಕೊಟ್ಟಳು. ಆಮೇಲೆ ಕಂಪ್ಯೂಟರ್ ಪರದೆಯನ್ನು ಅವರ ಕಡೆ ತಿರುಗಿಸಿ, ಅರ್ಜಿಯಲ್ಲಿ ಸಾಕ್ಷಿ ಹಾಕುವ ಜಾಗವೇ ಇಲ್ಲ, ಆ ದೇಶದಲ್ಲಿ ಕೂತು ಅದನ್ನು ನೋಡುವವರು ಯಾರನ್ನೂ ಕರೆದು ಕೇಳುವುದಿಲ್ಲ ಎಂದು ತಾಳ್ಮೆಯಿಂದ ಹೇಳಿದಳು. ಅವ್ವ ಪರದೆಯನ್ನು ಬಹಳ ಹೊತ್ತು ನೋಡಿದಳು.

"ಹಂಗಾದ್ರ ವಯಸ್ಸ ಕೇಳದ ದೇಶ ಯಾವುದರ ಐತೇನು?"

ಇದೆ. ಹುಡುಗಿ ನನ್ನ ಕಡೆ ತಿರುಗಿ ಹೇಳತೊಡಗಿದಳು. ಕೆನಡಾದಲ್ಲಿ ಮಾಸ್ಟರ್ಸ್ ಮುಗಿಸಿದವರ ಕೆಲಸದ ಪರ್ಮಿಟ್‌ಗೆ ವಯಸ್ಸಿನ ಮಿತಿ ಇಲ್ಲ, ಮೂರು ವರ್ಷದವರೆಗೆ ಸಿಗುತ್ತದೆ. ಆದರೆ ಜೀವನದಲ್ಲಿ ಒಂದೇ ಸಲ. ಹದಿನಾರು ತಿಂಗಳಿಗೆ ಕಡಿಮೆಯಿಲ್ಲದ ಮಾಸ್ಟರ್ಸ್ ಆದರೆ ಗಂಡನಿಗೂ ಕೆಲಸದ ಪರ್ಮಿಟ್ ಕೇಳಬಹುದು. ಸುಲಭಕ್ಕೆ ಸಿಗುವ ಕಾಲೇಜು ಡಿಪ್ಲೊಮಾ ಹಿಡಿದರೆ ಗಂಡನಿಗೆ ಅದು ಸಿಗುವುದಿಲ್ಲ. ಮುಂದೆ ಅಲ್ಲೇ ನೆಲೆಸಲು ಅರ್ಜಿ ಹಾಕಿದರೆ ಅಂಕ ಕೊಡುವಾಗ ವಯಸ್ಸು ಮತ್ತೆ ತಲೆ ಹಾಕುತ್ತದೆ, ಅದು ಬೇರೆ ಮಾತು. ತಳಿ ಅಭಿವೃದ್ಧಿಯಲ್ಲಿ ಅಲ್ಲಿ ಮಾಸ್ಟರ್ಸ್ ಅಂದರೆ ಸಂಶೋಧನೆ. ಮೊದಲು ಒಬ್ಬ ಪ್ರೊಫೆಸರ್ ನನ್ನನ್ನು ತೆಗೆದುಕೊಳ್ಳಲು ಒಪ್ಪಬೇಕು. ಆಸ್ಟ್ರೇಲಿಯಾದಲ್ಲೂ ಸಂಶೋಧನೆಯ ಮಾಸ್ಟರ್ಸ್ ಆದರೆ ವಯಸ್ಸಿನ ಮಿತಿ ಐವತ್ತೇ, ಅಲ್ಲಿಯೂ ಪ್ರೊಫೆಸರ್ ಬೇಕು. ವರ್ಷಗಟ್ಟಲೆ ಪತ್ರ ಬರೆದು ಉತ್ತರ ಬಾರದವರೂ ಇದ್ದಾರೆ ಎಂದಳು.

ಇಂಗ್ಲೆಂಡ್ ಕೂಡ ವಯಸ್ಸು ಕೇಳುವುದಿಲ್ಲ. ಅಲ್ಲಿಂದ ನನಗೆ ಸೀಟು ಬಂದೇ ಬಿಟ್ಟಿತ್ತು, ಬದಲಿಗೆ ಇರಲಿ ಎಂದು ಹಾಕಿದ್ದ ಅರ್ಜಿ. ಒಂದೇ ವರ್ಷದ ಕೋರ್ಸು, ಸೆಪ್ಟೆಂಬರಿಗೆ ಹೊರಡಬಹುದು. ಓದಿನ ನಂತರ ಎರಡು ವರ್ಷ ಇದ್ದದ್ದನ್ನು ಬರುವ ಜನವರಿಯಿಂದ ಅರ್ಜಿ ಹಾಕುವವರಿಗೆ ಒಂದೂವರೆ ಮಾಡಿದ್ದಾರೆ, ಅಂದರೆ ನನಗೆ ಒಂದೂವರೆ. ಅದನ್ನು ಮುಂದುವರಿಸಲು ಬರುವುದಿಲ್ಲ. ಮತ್ತೆ, ಇಂಥ ಕೋರ್ಸಿಗೆ ಹೋಗುವವರು ಗಂಡ ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಎಲ್ಲ ಸೇರಿ ಎರಡೂವರೆ ವರ್ಷ ನಾನೊಬ್ಬಳೇ.

ನಾನು ಇಂಗ್ಲೆಂಡ್ ಎಂದೆ. ಯೋಚಿಸಿ ಹೇಳಿದ್ದಲ್ಲ. ಪರೀಕ್ಷೆ, ಅರ್ಜಿ, ವಕೀಲರು, ಬಸ್ಸು, ಇದೆಲ್ಲ ಎಲ್ಲಾದರೂ ಒಂದು ಕಡೆ ಮುಗಿದರೆ ಸಾಕಾಗಿತ್ತು. ಕೈಯಲ್ಲಿರುವುದು ಅದೊಂದೇ. ಆ ಪ್ರೊಫೆಸರುಗಳು ಮೆಣಸಿನ ಮೊಗ್ಗು ಬಿಡಿಸುವ ನನಗೆ ಯಾಕೆ ಉತ್ತರ ಬರೆಯುತ್ತಾರೆ? ಸೀಟು ಗಟ್ಟಿ ಮಾಡಲು ತಿಂಗಳ ಕೊನೆಯ ಸೋಮವಾರದವರೆಗೆ ಸಮಯವಿದೆ ಎಂದು ಹುಡುಗಿ ಹೇಳಿದಳು.

ಅವ್ವ ಕೇಳಿದಳು, ಕೂಸನ್ನು ಎಲ್ಲಿ ಬಿಡುತ್ತೀ ಎಂದು. ನಿನ್ನ ಹತ್ತಿರ, ಇನ್ನೆಲ್ಲಿ ಎಂದೆ. ಅದು ಕೇಳುವ ಮಾತೇ ಅಲ್ಲ ಎಂದುಕೊಂಡಿದ್ದೆ. ರಜೆ ಬಂದರೆ ಮೊಮ್ಮಗಳನ್ನು ಯಾವಾಗ ಕಳಿಸುತ್ತೀ ಎಂದು ದಿನಕ್ಕೆರಡು ಸಲ ಫೋನ್ ಮಾಡುವವಳು.

"ನಾ ಇಟಗೊಳ್ಳಾಂಗಿಲ್ಲ," ಎಂದಳು ಅವ್ವ.

ನಾನು ಅವಳ ಮುಖ ನೋಡಿದೆ. ಮೈಗೆ ಆಗುವುದಿಲ್ಲವೇನೋ, ಯಾವುದಾದರೂ ಬೇನೆ ಮುಚ್ಚಿಟ್ಟಿದ್ದಾಳೇನೋ ಎಂದು ಹೆದರಿಕೆಯಾಯಿತು. ಅದೇನೂ ಅಲ್ಲ. ಸಿಟ್ಟೂ ಇರಲಿಲ್ಲ ಅವಳಲ್ಲಿ. ಸೆರಗಿನ ಅಂಚು ನೇವರಿಸುತ್ತ ಸಣ್ಣ ದನಿಯಲ್ಲಿ ಹೇಳಿದಳು.

"ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟ ಬಿಡಸಾಕ ಹೋಗೂದಿತ್ತು. ನಿನ್ನ ಎಲ್ಲಿ ಬಿಡ್ಲಿ ಅಂತ ಲಗೂನ ಸಾಲಿಗೆ ಹಾಕಿದೆ. ಮುಂಜಾನೆ ಹೋದ್ರ ದೀಪಾ ಹಚ್ಚೂ ಹೊತ್ತಿಗೆ ಬರ್ತಿದ್ದೆ. ನೀ ಉಂಡ ಮಲಗಿರ್ತಿದ್ದಿ. ನೀ ಬೆಳದಿದ್ದ ನಾ ನೋಡೇ ಇಲ್ಲವಾ. ಒಂದಿನ ನೋಡತೀನಿ, ಲಂಗ ಗಿಡ್ಡ ಆಗಿತ್ತು. ನನಗ ಕೂಲಿ ಬಿಟ್ರ ಬ್ಯಾರೆ ದಾರಿ ಇರಲಿಲ್ಲ. ನಿನಗ ಐತಿ. ಆ ದೊಡ್ಡ ಮಾಸ್ತರಿಗೆ ಕಾಗದಾ ಬರಿ. ನಾ ಕೂಸಿನ್ನ ಇಟಗೊಳ್ಳಾಂಗಿಲ್ಲ."

ಸೂಲಗಿತ್ತಿ ಅಜ್ಜಿ ನಮ್ಮ ಮುಖ ನೋಡಿ, ಹುಣ್ಣಿಮೆ ಖರೇ ಎಂದು ಮತ್ತೊಮ್ಮೆ ಸಾಕ್ಷಿ ಹೇಳಿದಳು. ನಾನು ಇಬ್ಬರನ್ನೂ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಚಹಾ ಕುಡಿಸಿ, ಸೀಟು ಹಿಡಿದು ಕೂರಿಸಿ ಕಳಿಸಿದೆ.

ಗಂಡನಿಗೆ ಹೇಳಿದರೆ, ನಿಮ್ಮವ್ವ ಅಂದಿದ್ದೇ ಸರಿ ಎಂದರು. ನಾನು ಹೋಗುವುದು ಒಂದು ವರ್ಷ ಮುಂದೆ ಬಿತ್ತು ಎಂದರೆ, ಬೀಳಲಿ ಬಿಡು ಎಂದರು. ಅವರಿಗೇನು, ಹೇಳುವುದು ಸುಲಭ! ಬೆಳಿಗ್ಗೆ ಆ ಪ್ಲಾಟಿಗೆ ಹೋಗಬೇಕಾದವಳು ನಾನು. ಆದರೂ ಕೂತು ಪತ್ರ ಬರೆದೆ. ಕೆನಡಾಕ್ಕೂ ಬರೆದೆ, ಆಸ್ಟ್ರೇಲಿಯಾಕ್ಕೂ ಬರೆದೆ. ಇಲ್ಲಿನ ಮೆಣಸಿನಕಾಯಿಯ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಬರೆದೆ. ಕೆಲವರಿಂದ ಜಾಗವಿಲ್ಲ ಎಂದು ಬಂತು, ಉಳಿದವರಿಂದ ಏನೂ ಬಂದಿಲ್ಲ.

ಇಂಗ್ಲೆಂಡಿನ ಸೀಟು ಗಟ್ಟಿ ಮಾಡುವ ಕೊನೆಯ ಸೋಮವಾರ ಬಂತು, ನಾನು ಆ ಆಫೀಸಿಗೆ ಹೋಗಲಿಲ್ಲ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟೆ. ಎಂದಿನಂತೆ ಗಾಡಿ ತಿರುಗಿಸಿಕೊಂಡು ಓಡಲಿಲ್ಲ. ಅವಳು ಚಪ್ಪಲಿ ಬಿಟ್ಟು, ಸಾಲಿನಲ್ಲಿ ನಿಂತು, ಪಕ್ಕದವಳ ಜಡೆ ಎಳೆದು, ಬೈಸಿಕೊಂಡು ಒಳಗೆ ಹೋಗುವವರೆಗೂ ಗೇಟಿನ ಹತ್ತಿರ ನಿಂತಿದ್ದೆ. ಅವಳ ಯೂನಿಫಾರ್ಮ್ ಲಂಗ ಮೊಣಕಾಲು ಮುಟ್ಟುತ್ತಿರಲಿಲ್ಲ.